ಕೀ ತಿರುಗುತ್ತದೆ, ಲ್ಯಾಚ್ ಮಾತ್ರ ಅಲ್ಲಾಡಲ್ಲ

ಮರಗೆಲಸ ನನ್ನ ಕಸುಬು. ಬಾಗಿಲು ಕೂರಿಸಿದವನು ನಾನು ಅಂದಮೇಲೆ ಆ ಬಾಗಿಲಿನ ಬೀಗದ ತಕರಾರೂ ನನ್ನ ಹತ್ತಿರವೇ ಬರುತ್ತದೆ. ಅದರಲ್ಲಿ ಜಾಸ್ತಿ ಬರುವ ದೂರು ಇದು: ಕೀ ಒಳಗೆ ಹೋಗುತ್ತದೆ, ಸಲೀಸಾಗಿ ತಿರುಗುತ್ತದೆ, ಆದರೆ ಲ್ಯಾಚ್ ಒಳಗೆ ಹೋಗೋದಿಲ್ಲ. ಕೂಡಲೇ ಮನೆಯವರು ಮಾಡುವ ಕೆಲಸವೂ ಒಂದೇ. ಕೀ ತೂತಿಗೆ ಎಣ್ಣೆ ಬಿಡುತ್ತಾರೆ.

ಕೀ ತಿರುಗುತ್ತಿದೆ ಅಂದರೆ ಕೀ ತೂತಿನ ಒಳಗಿನ ಪಿನ್ನುಗಳು ತಮ್ಮ ಕೆಲಸ ಮಾಡಿವೆ ಅಂತಲೇ ಅರ್ಥ. ಪಿನ್ನು ಸರಿಯಾಗಿ ಏಳದಿದ್ದರೆ ಕೀ ತಿರುಗುವುದೇ ಇಲ್ಲವಲ್ಲ. ಹಾಗಾಗಿ ತೊಂದರೆ ಅದರ ಹಿಂದೆ ಎಲ್ಲೋ ಇದೆ. ಎಲ್ಲಿ ಅಂತ ತಿಳಿಯಲು ಬೀಗದ ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರಬೇಕು.

ನಾನು ಹೇಳುತ್ತಿರುವುದು ನಮ್ಮ ಕಡೆ ಮುಂಬಾಗಿಲಿಗೆ ಹಾಕುವ ನೈಟ್ ಲ್ಯಾಚ್ ಬಗ್ಗೆ. ಹೊರಗೆ ದುಂಡನೆಯ ಸಿಲಿಂಡರ್, ಒಳಗೆ ಬಾಗಿಲ ಮೇಲೆ ಕೂತಿರುವ ಪೆಟ್ಟಿಗೆ, ಅದಕ್ಕೊಂದು ತಿರುಗಿಸುವ ಗುಬುಟು. ಈ ಸಿಲಿಂಡರಿಗೂ ಪೆಟ್ಟಿಗೆಗೂ ನಡುವೆ ಇರುವ ಸಂಬಂಧ ಒಂದೇ ಒಂದು ಚಪ್ಪಟೆ ಲೋಹದ ಪಟ್ಟಿ. ಅದು ಸಿಲಿಂಡರಿನ ಹಿಂಭಾಗದಿಂದ ಹೊರಟು, ಬಾಗಿಲಿನ ತೂತಿನಲ್ಲಿ ಹಾದು, ಪೆಟ್ಟಿಗೆಯೊಳಗಿನ ಒಂದು ಬಿಲ್ಲೆಯ ಸೀಳಿನಲ್ಲಿ ಕೂರುತ್ತದೆ. ಸ್ಕ್ರೂ ತಲೆಯ ಗೀರಿನಲ್ಲಿ ಸ್ಕ್ರೂಡ್ರೈವರ್ ಕೂತ ಹಾಗೆ. ಕೀ ತಿರುಗಿಸಿದರೆ ಪಟ್ಟಿ ತಿರುಗುತ್ತದೆ, ಪಟ್ಟಿ ಬಿಲ್ಲೆಯನ್ನು ತಿರುಗಿಸುತ್ತದೆ, ಬಿಲ್ಲೆಯ ಕೊಕ್ಕೆ ಲ್ಯಾಚನ್ನು ಸ್ಪ್ರಿಂಗಿನ ವಿರುದ್ಧ ಒಳಗೆ ಎಳೆಯುತ್ತದೆ. ಒಳಗಿನ ಗುಬುಟು ಮಾತ್ರ ಈ ಪಟ್ಟಿಯ ಗೊಡವೆಗೇ ಹೋಗದೆ ನೇರವಾಗಿ ಲ್ಯಾಚನ್ನು ಎಳೆಯುತ್ತದೆ.

ಇಷ್ಟು ತಿಳಿದರೆ ಕೈಗೇ ಅರ್ಧ ಉತ್ತರ ಸಿಗುತ್ತದೆ. ಕೀ ಯಾವ ಬಿಗಿಯೂ ಇಲ್ಲದೆ ಸುಮ್ನೆ ತಿರುಗಿದರೆ ಪಟ್ಟಿ ಸೀಳಿನಿಂದ ತಪ್ಪಿಸಿಕೊಂಡಿದೆ, ಇಲ್ಲವೇ ಮುರಿದಿದೆ. ಸ್ವಲ್ಪ ತಿರುಗಿ ಗಟ್ಟಿಯಾಗಿ ನಿಂತರೆ ಲ್ಯಾಚ್ ಸಿಕ್ಕಿಕೊಂಡಿದೆ. ಸ್ಪ್ರಿಂಗಿನ ಎಳೆತ ಕೈಗೆ ಗೊತ್ತಾಗುತ್ತಿದ್ದು ಲ್ಯಾಚ್ ಮುಕ್ಕಾಲು ಹೋಗಿ ನಿಂತರೆ ಸೀಳು ಸವೆದಿದೆ, ಇಲ್ಲವೇ ಒಳಗೆ ಜಿಡ್ಡು ಕಟ್ಟಿದೆ.

ಮೈಸೂರಿನಲ್ಲಿ ನನಗೆ ಗೊತ್ತಿರುವ ಮೇಷ್ಟ್ರೊಬ್ಬರ ಮನೆಯ ಬೀಗದಲ್ಲಿ ಇವು ಒಂದರ ಮೇಲೊಂದು ಸೇರಿದ್ದವು. ಡಿಸೆಂಬರಿನ ಬೆಳಿಗ್ಗೆ ಅವರು ವಾಕಿಂಗ್ ಮುಗಿಸಿ ಬಂದರೆ ಕೀ ತಿರುಗುತ್ತದೆ, ಬಾಗಿಲು ತೆಗೆಯುವುದಿಲ್ಲ. ಹಿತ್ತಿಲ ಬಾಗಿಲಿನಿಂದ ಒಳಗೆ ಹೋಗಿದ್ದರು. "ಏನಪ್ಪಾ, ಮಧ್ಯಾಹ್ನ ಆದರೆ ಸರಿಹೋಗುತ್ತೆ, ಬೆಳಿಗ್ಗೆ ಮಾತ್ರ ಹಟ ಮಾಡುತ್ತೆ" ಅಂದರು. "ಎಣ್ಣೆ ಏನಾದರೂ ಹಾಕಿದ್ದೀರಾ ಮೇಷ್ಟ್ರೇ?" ಅಂತ ಕೇಳಿದೆ. "ಹ್ಞೂಂ, ಆಗಾಗ ಕೊಬ್ಬರಿ ಎಣ್ಣೆ ಬಿಡ್ತೀನಿ" ಅಂದರು.

ಬೆಳಿಗ್ಗೆ ಮಾತ್ರ ಯಾಕೆ ಅನ್ನುವುದಕ್ಕೆ ಅಲ್ಲೇ ಉತ್ತರ ಇತ್ತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ ತಲೆಗೆ ಹಚ್ಚುವ ಎಣ್ಣೆಯ ಬಾಟಲಿಯನ್ನು ಬಿಸಿಲಿಗೆ ಇಡುತ್ತೇವಲ್ಲ, ಅದೇ ಕಾರಣ. ಬೀಗದ ಒಳಗೂ ಅದೇ ಆಗುತ್ತದೆ. ಲ್ಯಾಚ್ ಜಾರುವ ಜಾಗದಲ್ಲಿ ಎಣ್ಣೆ ಮೇಣದಂತಾಗಿ, ದೂಳು ಸೇರಿ ಲ್ಯಾಚ್ ಭಾರವಾಗುತ್ತದೆ.

ಆದರೆ ಲ್ಯಾಚ್ ಭಾರವಾದರೆ ಕೀಯೂ ಭಾರವಾಗಬೇಕಿತ್ತು, ಅಲ್ವಾ? ಅವರ ಕೀ ಹಗುರವಾಗಿ ತಿರುಗಿಬಿಡುತ್ತಿತ್ತು. ಅಂದರೆ ಜಿಡ್ಡು ಒಂದೇ ಕಾರಣ ಅಲ್ಲ.

ಮೊದಲು ಒಳಗಿನ ಗುಬುಟು ತಿರುಗಿಸಿ ನೋಡಿದೆ. ಬಿಗಿಯಾಗಿದ್ದರೂ ಲ್ಯಾಚ್ ಪೂರ್ತಿ ಒಳಗೆ ಬಂತು. ಆಮೇಲೆ ಒಂದು ಸಣ್ಣ ಪರೀಕ್ಷೆ. ಮೇಷ್ಟ್ರಿಗೆ ಒಳಗಿನಿಂದ ಪೆಟ್ಟಿಗೆಯನ್ನು ಅಂಗೈಯಲ್ಲಿ ಬಾಗಿಲಿಗೆ ಒತ್ತಿ ಹಿಡಿಯಲು ಹೇಳಿ ನಾನು ಹೊರಗಿನಿಂದ ಕೀ ತಿರುಗಿಸಿದೆ. ಲ್ಯಾಚ್ ಒಳಗೆ ಹೋಯಿತು. ಕೈ ಬಿಡಲು ಹೇಳಿ ತಿರುಗಿಸಿದರೆ ಮತ್ತೆ ಖಾಲಿ. ಈ ಪರೀಕ್ಷೆಗೆ ಸ್ಕ್ರೂಡ್ರೈವರೂ ಬೇಡ. ಒತ್ತಿ ಹಿಡಿದಾಗ ಕೆಲಸ ಮಾಡಿದರೆ ಪಟ್ಟಿ ಮುರಿದಿಲ್ಲ, ಸೀಳಿಗೆ ಸಾಕಷ್ಟು ತಲುಪುತ್ತಿಲ್ಲ ಅಂತ ಖಚಿತ. ಯಾರಾದರೂ ಹೊರಗೆ ಸಿಕ್ಕಿಕೊಂಡು ಒಳಗೆ ಗುಬುಟು ತಿರುಗಿಸಲಾಗದ ಮಗುವೋ ವಯಸ್ಸಾದವರೋ ಇದ್ದರೂ ಇದೇ ಉಪಾಯ ನಡೆಯುತ್ತದೆ.

ಬಾಗಿಲು ತೆರೆದಿಟ್ಟುಕೊಂಡೇ ಪೆಟ್ಟಿಗೆ ಬಿಚ್ಚಿದೆ. ಬಾಗಿಲು ಮುಚ್ಚಿಕೊಂಡು ಬೀಗ ಬಿಚ್ಚುವ ಧೈರ್ಯ ಯಾರೂ ಮಾಡಬೇಡಿ. ಪೆಟ್ಟಿಗೆ ಹಿಡಿದಿದ್ದ ಮರದ ಸ್ಕ್ರೂಗಳಲ್ಲಿ ಎರಡು ಸುಮ್ನೆ ತಿರುಗುತ್ತಿದ್ದವು, ತೂತು ದೊಡ್ಡದಾಗಿ ಹಿಡಿತ ಹೋಗಿತ್ತು. ಹೊರಗೆ ಚಾಚಿದ್ದ ಪಟ್ಟಿಯನ್ನು ಅಳೆದೆ. ಬಾಗಿಲ ಒಳಮೈಯಿಂದ 7 ಮಿ.ಮೀ. ಮಾತ್ರ ಇತ್ತು. ನಾನು ಕೂರಿಸುವಾಗ 10ರಿಂದ 12 ಮಿ.ಮೀ. ಬಿಡುತ್ತೇನೆ. ಸೀಳಿರುವ ಬಿಲ್ಲೆ ಪೆಟ್ಟಿಗೆಯ ಒಳಗೆ ಸ್ವಲ್ಪ ಹಿಂದೆ ಕೂತಿರುತ್ತದೆ, ಅದಕ್ಕೆ ಅಷ್ಟು ಬೇಕು. ಪಟ್ಟಿಯ ತುದಿಯ ಎರಡು ಮೂಲೆಗಳೂ ಸವೆದು ದುಂಡಗಾಗಿದ್ದವು.

ಉಳಿದ 4 ಮಿ.ಮೀ. ಎಲ್ಲಿ ಹೋಯಿತು? ಬಾಗಿಲ ಹೊರಗೆ ಹೋಗಿ ನೋಡಿದರೆ ಗೊತ್ತಾಯಿತು. ಹಿಂದಿನ ವರ್ಷ ಬಾಗಿಲು ಚೆಂದ ಕಾಣಲಿ ಅಂತ ಯಾರಿಂದಲೋ 4 ಮಿ.ಮೀ. ತೇಗದ ಪ್ಲೈ ಅಂಟಿಸಿದ್ದರು. ಸಿಲಿಂಡರ್ ಬಿಚ್ಚಿ, ಪ್ಲೈ ಅಂಟಿಸಿ, ಅದರ ಮೇಲೆಯೇ ಸಿಲಿಂಡರ್ ಕೂರಿಸಿದ್ದಾರೆ. ಸಿಲಿಂಡರ್ ಹೊರಗೆ ಎಷ್ಟು ಸರಿಯಿತೋ ಒಳಗೆ ಪಟ್ಟಿ ಅಷ್ಟೇ ಗಿಡ್ಡವಾಯಿತು. ತುದಿ ಮಾತ್ರ ಸೀಳಿಗೆ ತಾಗಿಕೊಂಡು ಒಂದು ವರ್ಷ ನಡೆದಿದೆ. ಸ್ಕ್ರೂ ಸಡಿಲಾಗಿ ಪೆಟ್ಟಿಗೆ ಒಂದು ಕೂದಲು ಮೇಲೆದ್ದಿದೆ. ಚಳಿಗೆ ಎಣ್ಣೆ ಹೆಪ್ಪುಗಟ್ಟಿ ಲ್ಯಾಚ್ ಬಿಗಿಯಾದಾಗ ಆ ಸವೆದ ತುದಿ ಸೀಳಿನಿಂದ ಜಾರಿಕೊಂಡು ಹೊರಗೇ ತಿರುಗುತ್ತಿದೆ. ಬಿಸಿಲೇರಿ ಎಣ್ಣೆ ಕರಗಿದರೆ ಆ ತುದಿಯ ಹಿಡಿತವೇ ಸಾಕಾಗುತ್ತಿದೆ.

ಇದಕ್ಕೆ ಸುಲಭದ ದಾರಿ ಉದ್ದ ಪಟ್ಟಿಯ ಹೊಸ ಸಿಲಿಂಡರ್ ತರುವುದು. ಹೊಸದರ ಪಟ್ಟಿ ಉದ್ದವಾಗಿ ಬರುತ್ತದೆ, ಅದರ ಮೇಲೆ ಗೀರುಗಳಿರುತ್ತವೆ, ಬಾಗಿಲ ದಪ್ಪ ನೋಡಿಕೊಂಡು ಇಕ್ಕಳದಲ್ಲಿ ಮುರಿದುಕೊಳ್ಳಬೇಕು. ಆದರೆ ಸಿಲಿಂಡರ್ ಬದಲಾದರೆ ಕೀಗಳೂ ಬದಲಾಗುತ್ತವೆ. ಮೇಷ್ಟ್ರ ಮಗಳ ಹತ್ತಿರ ಒಂದು, ಕೆಲಸದವರ ಹತ್ತಿರ ಒಂದು ಕೀ ಇತ್ತು. ಅದಕ್ಕೆ ಮರದವನ ದಾರಿ ಹಿಡಿದೆ. ಸಿಲಿಂಡರಿನ ರಿಂಗು ಕೂರುವಷ್ಟು ಜಾಗದಲ್ಲಿ ಪ್ಲೈಯನ್ನಷ್ಟೇ ತೆಗೆದು, ರಿಂಗು ಹಳೆಯ ಮರದ ಮೇಲೆ ಕೂರುವಂತೆ ಮಾಡುವುದು. ದುಂಡಗೆ ತೂತು ಕೊರೆಯುವ ಹೋಲ್ ಸಾ ಇಲ್ಲಿ ಬರುವುದಿಲ್ಲ, ನಡುವೆ ಮೊದಲೇ ತೂತು ಇರುವುದರಿಂದ ಅದರ ನಡುವಿನ ಡ್ರಿಲ್ಲಿಗೆ ಹಿಡಿತ ಸಿಗದು. ರಿಂಗು ಇಟ್ಟು ಚೂಪಾದ ಪೆನ್ಸಿಲಿನಲ್ಲಿ ಗುರುತು ಮಾಡಿ, ಗೆರೆಯ ಮೇಲೆ ಚಾಕುವಿನಿಂದ ಕೊರೆದು, ಅಗಲ ಉಳಿಯಲ್ಲಿ ಪದರ ಪದರವಾಗಿ ಎತ್ತಿದೆ. ಪಟ್ಟಿ ಮತ್ತೆ 11 ಮಿ.ಮೀ. ಹೊರಬಂತು. ಸವೆದ ತುದಿಯ ಹಿಂದಿನ ಗಟ್ಟಿ ಭಾಗ ಈಗ ಸೀಳಿಗೆ ಸಿಗುತ್ತದೆ. ತುದಿಯ ಮುಳ್ಳುಗಳನ್ನು ಅರದಿಂದ ಉಜ್ಜಿದೆ.

ಸಿಲಿಂಡರನ್ನು ಹಿಡಿಯುವ ಎರಡು ಉದ್ದ ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಗಿಯಬಾರದು. ಇದಕ್ಕೆ ಅರ್ಧ ಸುತ್ತು, ಅದಕ್ಕೆ ಅರ್ಧ ಸುತ್ತು ಕೊಡುತ್ತಾ ಕೀ ಹಾಕಿ ತಿರುಗಿಸಿ ನೋಡುತ್ತಿರಬೇಕು. ಒಂದು ಕಡೆ ಎಳೆದರೆ ಸಿಲಿಂಡರ್ ಓರೆಯಾಗಿ ಪಟ್ಟಿ ತೂತಿನ ಅಂಚಿಗೆ ಉಜ್ಜುತ್ತದೆ.

ಆಮೇಲೆ ಪೆಟ್ಟಿಗೆಯ ಒಳಗು. ಮುಚ್ಚಳ ತೆಗೆಯುವ ಮೊದಲು ಒಂದು ಬಟ್ಟೆ ಹಾಸಿಕೊಂಡು, ಹೆಬ್ಬೆರಳನ್ನು ಮುಚ್ಚಳದ ಮೇಲಿಟ್ಟು ನಿಧಾನ ಎತ್ತಿ, ಇಲ್ಲದಿದ್ದರೆ ಸ್ಪ್ರಿಂಗು ಹಾರಿ ಸೋಫಾ ಕೆಳಗೆ ಹೋಗುತ್ತದೆ. ತೆರೆದ ಕೂಡಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಇಲ್ಲಿ ಕಪ್ಪು ಮೇಣ ತುಂಬಿತ್ತು, ಕೊಬ್ಬರಿ ವಾಸನೆ ಸಮೇತ. ಲ್ಯಾಚ್, ಬಿಲ್ಲೆ, ಸ್ಪ್ರಿಂಗುಗಳನ್ನು ಹಳೆ ಟೂತ್ ಬ್ರಷ್ಷಿನಿಂದ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ ಪೂರ್ತಿ ಒಣಗಲು ಬಿಟ್ಟೆ. ಒಲೆ, ದೀಪ ಹತ್ತಿರ ಇರಬಾರದು ಅಂತ ಹೇಳಬೇಕಾಗಿಲ್ಲ.

ಗ್ರೀಸು ಎಲ್ಲಿ, ಎಷ್ಟು ಅನ್ನುವುದೇ ಮುಖ್ಯ. ಪೆಟ್ಟಿಗೆಯ ಒಳಗೆ ಬಿಳಿ ಲಿಥಿಯಂ ಗ್ರೀಸು ಹಾಕುತ್ತೇನೆ, ಚಳಿಗೆ ಅದು ಕೊಬ್ಬರಿ ಎಣ್ಣೆಯ ಹಾಗೆ ಗಟ್ಟಿಯಾಗುವುದಿಲ್ಲ. ಲ್ಯಾಚಿನ ಎರಡು ಮೈಗೆ, ಬಿಲ್ಲೆ ತಿರುಗುವ ಜಾಗಕ್ಕೆ, ಕೊಕ್ಕೆ ತಾಗುವ ಜಾಗಕ್ಕೆ, ತಲಾ ಒಂದು ಅಕ್ಕಿ ಕಾಳಿನಷ್ಟು. ಬೆರಳಲ್ಲಿ ಸವರಿದಾಗ ಹೊಳಪು ಕಾಣಬೇಕು, ಗ್ರೀಸು ಕಾಣಬಾರದು. ಜಾಸ್ತಿ ಹಾಕಿದರೆ ಮರದ ಪುಡಿ, ದೂಳು ಎಲ್ಲ ಅಂಟಿಕೊಂಡು ಮತ್ತೆ ಅದೇ ಮೇಣ.

ಕೀ ತೂತಿಗೆ ಈ ಗ್ರೀಸು ಹಾಕಲೇಬಾರದು. ಅಲ್ಲಿರುವ ಪಿನ್ನುಗಳು ಸಣ್ಣವು, ಅವುಗಳ ಸ್ಪ್ರಿಂಗು ಇನ್ನೂ ಸಣ್ಣವು, ಜಿಡ್ಡಿಗೆ ಅಂಟಿಕೊಂಡು ಮೇಲೇ ನಿಂತುಬಿಡುತ್ತವೆ. ಹಳೆ ಎಣ್ಣೆ ಹೋಗಲು ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಮಾಡಿದೆ. ಕೀ ಹಾಕಿ ತೆಗೆದು ಒರೆಸುತ್ತಾ, ಕೀ ಚೊಕ್ಕಟವಾಗಿ ಹೊರಬರುವವರೆಗೆ. ಒಣಗಿದ ಮೇಲೆ ಒಂದು ಚಿಟಿಕೆ ಗ್ರಾಫೈಟ್ ಪುಡಿ. ಎಣ್ಣೆಯ ಪಸೆ ಇದ್ದಾಗಲೇ ಗ್ರಾಫೈಟ್ ಹಾಕಿದರೆ ಅದು ಕೆಸರಾಗುತ್ತದೆ. ಪುಡಿ ಸಿಗದಿದ್ದರೆ ಮೆತ್ತನೆಯ 6ಬಿ ಪೆನ್ಸಿಲನ್ನು ಕೀ ಹಲ್ಲುಗಳ ಮೇಲೆ ಉಜ್ಜಿ ಹಾಕಿ ತೆಗೆಯಬಹುದು. ಪೆನ್ಸಿಲ್ ಕಡ್ಡಿಯಲ್ಲಿ ಜೇಡಿಮಣ್ಣೂ ಸೇರಿರುತ್ತದೆ, ಹಾಗಾಗಿ ಇದು ತಾತ್ಕಾಲಿಕ ಅಷ್ಟೇ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಮುಗಿಸುವವರೂ ಇದ್ದಾರೆ. ಜಿಡ್ಡು ಕರಗಿಸಲು ಅದು ಸರಿ, ಜಾರಿಕೆ ಮಾತ್ರ ಬಹಳ ದಿನ ಉಳಿಯುವುದಿಲ್ಲ.

ಸಡಿಲಾದ ಸ್ಕ್ರೂ ತೂತುಗಳಿಗೆ ತೇಗದ ಚಕ್ಕೆಗೆ ಅಂಟು ಹಚ್ಚಿ ಬಡಿದು, ಒಣಗಿದ ಮೇಲೆ ಸಣ್ಣ ಡ್ರಿಲ್ಲಿನಿಂದ ಹೊಸ ತೂತು ಮಾಡಿದೆ. ಪೆಟ್ಟಿಗೆ ಕೂರಿಸುವಾಗ ಕೀ ಹೊರಗೆ ತೆಗೆದಿರಬೇಕು, ಆಗ ಪಟ್ಟಿ ಹೇಗೆ ನಿಂತಿದೆಯೋ ಸೀಳನ್ನೂ ಹಾಗೇ ತಿರುಗಿಸಿಕೊಂಡು ಸೇರಿಸಬೇಕು. ಪೆಟ್ಟಿಗೆ ತಾನಾಗಿ ಬಾಗಿಲಿಗೆ ಒರಗಬೇಕು. ಸ್ಕ್ರೂ ಬಿಗಿದು ಎಳೆಯಬೇಕಾಗಿ ಬಂದರೆ ಪಟ್ಟಿ ಸೀಳಿಗೆ ಹೋಗಿಲ್ಲ, ಅದರ ಅಂಚಿಗೆ ಒತ್ತಿಕೊಂಡಿದೆ.

ಬಾಗಿಲು ತೆರೆದಿರುವಾಗಲೇ ಕೀ ತಿರುಗಿಸಿ ಲ್ಯಾಚ್ ಪೆಟ್ಟಿಗೆಯ ಮಟ್ಟಕ್ಕೆ ಪೂರ್ತಿ ಹೋಗುತ್ತದೆಯಾ ನೋಡಿ. ತೆರೆದಾಗ ಸರಿ, ಮುಚ್ಚಿದಾಗ ಬಿಗಿ ಅಂದರೆ ಬೀಗದ ತಪ್ಪಲ್ಲ. ಕೀಲು ಸಡಿಲಾಗಿ ಬಾಗಿಲು ಇಳಿದಿದೆ, ಇಲ್ಲವೇ ಮಳೆಗಾಲಕ್ಕೆ ಮರ ಉಬ್ಬಿದೆ. ಲ್ಯಾಚಿಗೆ ಸ್ವಲ್ಪ ಕಾಡಿಗೆ ಹಚ್ಚಿ ಬಾಗಿಲು ಮುಚ್ಚಿ ತೆರೆದರೆ ಚೌಕಟ್ಟಿನ ತಗಡಿನ ಮೇಲೆ ಎಲ್ಲಿ ಉಜ್ಜುತ್ತಿದೆ ಅಂತ ಗುರುತು ಬೀಳುತ್ತದೆ. ಮೇಷ್ಟ್ರ ಬಾಗಿಲಿನಲ್ಲಿ ಆ ತೊಂದರೆ ಇರಲಿಲ್ಲ.

ಇಷ್ಟೆಲ್ಲ ಮಾಡಿದರೂ ಸರಿಹೋಗದ ಬೀಗಗಳಿವೆ. ಬಿಲ್ಲೆಯ ಕೊಕ್ಕೆ ಮುರಿದಿದ್ದರೆ, ಇಲ್ಲವೇ ಸೀಳು ಪೂರ್ತಿ ದುಂಡಗಾಗಿದ್ದರೆ ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ, ಅಗ್ಗದ ಬೀಗಗಳಲ್ಲಿ ಅದು ಸತುವಿನ ಎರಕ. ಆಗ ಪೆಟ್ಟಿಗೆಯನ್ನೇ ಬದಲಾಯಿಸಬೇಕು. ಅಂಗಡಿಗೆ ಹೋಗುವಾಗ ಹಳೆ ಪೆಟ್ಟಿಗೆ ಜೊತೆಗಿರಲಿ, ಬಾಗಿಲ ದಪ್ಪ ಬರೆದಿಟ್ಟುಕೊಳ್ಳಿ. ಮೇಲೆ ಅಂಟಿಸಿದ ಪ್ಲೈ ಇದ್ದರೆ ಅದನ್ನೂ ಸೇರಿಸಿ ಅಳೆಯಿರಿ.