ಮೂರು ಕಡೆಯಿಂದ ಪ್ರಶ್ನೆ ಬಂದರೆ ಯಾರಿಗೆ ಮೊದಲು ಉತ್ತರ?

ಪ್ಯಾನೆಲ್ ಇಂಟರ್‌ವ್ಯೂನಲ್ಲಿ ಒಬ್ಬರ ಪ್ರಶ್ನೆಗೆ ಬಾಯಿ ತೆರೆಯುವಷ್ಟರಲ್ಲಿ ಇನ್ನೊಬ್ಬರು ಮತ್ತೊಂದು ಕೇಳಿರುತ್ತಾರೆ. ಆಗ ಹೆಚ್ಚಿನವರು ಕೊನೆಯ ಪ್ರಶ್ನೆಗಷ್ಟೇ ಉತ್ತರ ಕೊಟ್ಟು ಸುಮ್ಮನಾಗುತ್ತಾರೆ. ತಲೆಯಲ್ಲಿ ಉಳಿದಿರುವುದು ಅದೊಂದೇ ಅಲ್ವಾ? ಆದರೆ ಎಷ್ಟೋ ಕಡೆ ಪ್ಯಾನೆಲ್‌ನವರು ಒಬ್ಬೊಬ್ಬರೂ ತಮ್ಮ ಹಾಳೆಯಲ್ಲಿ ಬೇರೆಯಾಗಿಯೇ ಅಂಕ ಹಾಕುತ್ತಾರೆ. ಮೊದಲು ಕೇಳಿದವರಿಗೆ ಉತ್ತರ ಸಿಗದಿದ್ದರೆ ಅವರು ಅಂಕ ಕೊಡುವುದಾದರೂ ಯಾವುದಕ್ಕೆ?

ಕೂತ ಕೂಡಲೇ "ನೋಟ್ ಮಾಡ್ಕೊಳ್ಳಬಹುದಾ?" ಎಂದು ಕೇಳಿ. ಒಪ್ಪಿದರೆ ಯಾರು ಎಲ್ಲಿ ಕೂತಿದ್ದಾರೋ ಅದೇ ಕ್ರಮದಲ್ಲಿ ಹೆಸರು ಬರೆದುಕೊಳ್ಳಿ. ಪ್ರಶ್ನೆ ಬಂದಾಗ ಆ ಹೆಸರಿನ ಕೆಳಗೆ ಒಂದೇ ಒಂದು ಪದ ಸಾಕು.

ಈಗ ಒಂದು ಸಂದರ್ಭ ನೋಡೋಣ. ಬಿಲ್ಲಿಂಗ್ ಸಾಫ್ಟ್‌ವೇರ್ ತಂಡದ ಕೆಲಸಕ್ಕೆ ಇಂಟರ್‌ವ್ಯೂ. ಮ್ಯಾನೇಜರ್ ಕೇಳುತ್ತಾರೆ: "ಗ್ರಾಹಕರಿಗೆ ಹೇಳಿದ ದಿನಕ್ಕೇ ಕೊಡ್ತೀರಿ ತಾನೆ?" ಪಕ್ಕದಲ್ಲಿರುವ ಟೆಕ್ ಲೀಡ್: "ತಪ್ಪಿದೆ ಅಂತ ಗೊತ್ತಿದ್ರೂ ಕೊಟ್ಟುಬಿಡ್ತೀರಾ?" ಅಷ್ಟರಲ್ಲಿ ಎಚ್‌ಆರ್: "ನಿಮ್ಮ ತೀರ್ಮಾನಕ್ಕೆ ತಂಡ ಒಪ್ಪದಿದ್ರೆ?"

ಮೊದಲ ಹೆಜ್ಜೆ, ಮೂರನ್ನೂ ಒಂದೇ ಉಸಿರಿನಲ್ಲಿ ವಾಪಸ್ ಹೇಳುವುದು: "ದಿನ, ತಪ್ಪು, ತಂಡ, ಮೂರು ಪ್ರಶ್ನೆ ಇವೆ. ಮೊದಲೆರಡು ಒಂದಕ್ಕೊಂದು ಅಂಟಿಕೊಂಡಿವೆ, ಒಟ್ಟಿಗೆ ಹೇಳ್ತೀನಿ." ಇದರಿಂದ ಯೋಚಿಸಲು ಒಂದಿಷ್ಟು ಹೊತ್ತು ಸಿಗುತ್ತದೆ. ಯಾರ ಪ್ರಶ್ನೆಯೂ ಬಿಟ್ಟುಹೋಗಿಲ್ಲ ಎಂಬುದೂ ಅವರಿಗೆ ತಿಳಿಯುತ್ತದೆ.

ಎರಡನೆಯ ಹೆಜ್ಜೆಯೇ ಕಷ್ಟದ್ದು, ಆ ಮೊದಲೆರಡು ಪ್ರಶ್ನೆಗೆ ಉತ್ತರ ಕೊಡುವುದು. "ಎರಡೂ ಮುಖ್ಯ ಸರ್" ಎಂದರೆ ಇಬ್ಬರಿಗೂ ಉತ್ತರ ಸಿಗಲಿಲ್ಲ. ಒಬ್ಬರ ಪಕ್ಷ ಹಿಡಿದರೆ ಇನ್ನೊಬ್ಬರ ಜೊತೆ ವಾದ ಶುರು. ಯಾವಾಗ ಯಾರ ಮಾತು ಸರಿ ಎಂದು ಹೇಳಬೇಕು: "ತಪ್ಪು ಎಂಥದ್ದು ಅನ್ನೋದರ ಮೇಲೆ ಹೋಗುತ್ತೆ. ಬಿಲ್ಲಿನ ಮೊತ್ತವೇ ತಪ್ಪು ಬರ್ತಿದ್ರೆ ಕೊಡಲ್ಲ, ಗ್ರಾಹಕರಿಗೆ ಅವತ್ತೇ ತಿಳಿಸಿ ಹೊಸ ದಿನ ಹೇಳ್ತೀನಿ. ಬಟನ್ ಬಣ್ಣ ತಪ್ಪಿದ್ರೆ ಹೇಳಿದ ದಿನಕ್ಕೇ ಕೊಟ್ಟು, ಸರಿಪಡಿಸುವ ದಿನವನ್ನೂ ಬರೆದು ಕೊಡ್ತೀನಿ." ಇದನ್ನು ಹೇಳುವಾಗ ಮ್ಯಾನೇಜರ್, ಲೀಡ್ ಇಬ್ಬರನ್ನೂ ನೋಡಿ. ಆಮೇಲೆ ಎಚ್‌ಆರ್ ಕಡೆ ತಿರುಗಿ, ತಂಡದ ವಿಷಯವನ್ನು ಎರಡು ವಾಕ್ಯದಲ್ಲಿ ಮುಗಿಸಿ.

ನಿಮ್ಮ ಉತ್ತರದ ಮಧ್ಯೆ ಯಾರಾದರೂ ಬಾಯಿ ಹಾಕಿದರೆ ನಿಮ್ಮ ಮಾತು ನಿಲ್ಲಿಸಿಬಿಡಿ. ಅವರ ಮೇಲೆ ದನಿ ಏರಿಸಿ ಗೆದ್ದವರು ಕಡಿಮೆ. "ಇದನ್ನ ಒಂದು ವಾಕ್ಯದಲ್ಲಿ ಮುಗಿಸಿ ನಿಮ್ಮದಕ್ಕೆ ಬರಲಾ?" ಎಂದು ಕೇಳಬಹುದು, ಆದರೆ ಒಂದೆರಡು ಸಲ ಮಾತ್ರ. ಜಾಸ್ತಿಯಾದರೆ ಅವರಿಗೆ ನೀವು ತಪ್ಪಿಸಿಕೊಳ್ಳುತ್ತಿರುವಂತೆ ಕಾಣುತ್ತದೆ.

ಅದೇ ಪ್ರಶ್ನೆ ಬೇರೆ ಮಾತಿನಲ್ಲಿ ಮತ್ತೆ ಬಂತೇ? ಹಾಗಾದರೆ ಉತ್ತರ ತಲುಪಿಲ್ಲ. ಹಿಂದಿನದನ್ನೇ ಉದ್ದ ಮಾಡಬೇಡಿ, ಮೊದಲ ವಾಕ್ಯದಲ್ಲೇ ತೀರ್ಮಾನ ಹೇಳಿ, ಕಾರಣ ಆಮೇಲೆ.

ಪಟಪಟನೆ ಕೇಳುವ ಮಾಹಿತಿ ಪ್ರಶ್ನೆಗಳಿಗೆ ಒಂದು ಸಾಲು ಸಾಕು. ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎಂದು ಮುಂದಕ್ಕೆ ಹೋಗಿ. ಇಷ್ಟಾದರೂ ಹಾಳೆಯಲ್ಲಿ ಉತ್ತರವಿಲ್ಲದ ಪದ ಉಳಿದಿದ್ದರೆ, ಕೊನೆಯಲ್ಲಿ "ನಿಮ್ಮದೇನಾದ್ರೂ ಪ್ರಶ್ನೆ ಇದೆಯಾ?" ಎನ್ನುತ್ತಾರಲ್ಲ, ಆಗ ಕೇಳಿದವರ ಹೆಸರು ಹಿಡಿದು ಉತ್ತರ ಕೊಡಿ.