ಮುನ್ನೂರು ಕೆಜಿ ಕಾಫಿಗೆ ಪಡುವಣ ಗಾಳಿ ಕುಡಿಸಿದ್ದು

ಮಾನ್ಸೂನ್ಡ್ ಕಾಫಿ ಅಂದಕೂಡಲೇ ತುಂಬಾ ಜನ ಬೀಜವನ್ನು ಮಳೆಯಲ್ಲಿ ನೆನೆಸುತ್ತಾರೆ ಅಂದುಕೊಂಡಿದ್ದಾರೆ. ಒಂದು ಹನಿ ನೀರೂ ಬೀಜಕ್ಕೆ ತಾಗಬಾರದು. ಹಸಿರು ಬೀಜ ಉಬ್ಬಿ, ಬಣ್ಣ ತಿರುಗಿ, ಹುಳಿ ಕಳಕೊಳ್ಳಲು ಬೇಕಾದದ್ದು ಸಮುದ್ರದ ಕಡೆಯಿಂದ ಬೀಸುವ ಬೆಚ್ಚನೆಯ ಒದ್ದೆ ಗಾಳಿ. ಅದೂ ನಿಲ್ಲದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ.

ನಮ್ಮ ತೋಟ ಇರುವುದು ಮೂಡಿಗೆರೆ ಕಡೆ. ಮಳೆಗೇನೂ ಬರ ಇಲ್ಲ. ಹಾಗಿದ್ದರೆ ಮನೆಯಲ್ಲೇ ಮಾಡಬಹುದಿತ್ತಲ್ವಾ ಅಂತ ಕೇಳುವವರಿದ್ದಾರೆ. ಘಟ್ಟದ ಮೇಲೆ ಜುಲೈನಲ್ಲಿ ಚಳಿ, ಮಂಜು, ಸುತ್ತ ಮರ. ಗಾಳಿ ಸಲೀಸಾಗಿ ಆಡುವುದಿಲ್ಲ. ಅಲ್ಲಿ ಚೀಲದಲ್ಲಿಟ್ಟ ಕಾಫಿ ಬಣ್ಣ ತಿರುಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಈ ಕೆಲಸ ಮೊದಲಿನಿಂದಲೂ ಮಂಗಳೂರಿನಂಥ ಕರಾವಳಿ ಊರುಗಳಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗ್ ವರ್ಕ್ಸ್‌ಗಳಲ್ಲೇ ನಡೆದುಕೊಂಡು ಬಂದಿದೆ. ಸುರತ್ಕಲ್ ಆಚೆ ಅಕ್ಕನ ಮನೆಯ ಹಿಂದೆ ಹಂಚಿನ ಹಳೇ ಗೋದಾಮೊಂದು ಖಾಲಿ ಇತ್ತು. ಪಶ್ಚಿಮಕ್ಕೆ ದೊಡ್ಡ ಕಿಟಕಿಗಳು, ಸಿಮೆಂಟಿನ ನೆಲ. ನನಗೆ ಆಸೆ ಹುಟ್ಟಿದ್ದೇ ಅದನ್ನು ನೋಡಿ.

ತಗೊಂಡದ್ದು 300 ಕೆಜಿ ಅರೇಬಿಕಾ ಚೆರಿ, ಎಎ ಗ್ರೇಡ್. ಅಂದರೆ ಹಣ್ಣನ್ನು ಪಲ್ಪ್ ಮಾಡದೆ ಇಡಿಯಾಗಿ ಕಣದಲ್ಲಿ ಒಣಗಿಸಿ, ಆಮೇಲೆ ಸಿಪ್ಪೆ ತೆಗೆಸಿ, ಜರಡಿ ಹಿಡಿಸಿದ ದಪ್ಪ ಬೀಜ. ಪಲ್ಪ್ ಮಾಡಿ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಇದಕ್ಕೆ ಹಾಕುವುದಿಲ್ಲ. ತೊಳೆದ ಕಾಫಿಗೆ ಬೆಲೆ ಬರುವುದೇ ಅದರ ಚುರುಕಾದ ಹುಳಿಯಿಂದ. ಅದನ್ನು ನಾಲ್ಕು ತಿಂಗಳು ಗಾಳಿಗಿಟ್ಟು ಕಳೆಯುವುದರಲ್ಲಿ ಏನರ್ಥ? ಬೀಜ ಒಂದೇ ಗಾತ್ರದ್ದಾಗಿರಬೇಕು. ಒಡಕು, ಕಪ್ಪು, ಹುಳ ಕೊರೆದದ್ದು ಮೊದಲೇ ಹೋಗಬೇಕು. ಮಾಮೂಲಿ ಕಾಫಿಯಲ್ಲಿ ಹತ್ತು ಕೆಟ್ಟ ಬೀಜ ಹತ್ತಾಗಿಯೇ ಉಳಿಯುತ್ತವೆ. ಇಲ್ಲಿ ಒಂದೊಂದೂ ಪಕ್ಕದವನ್ನು ಕೆಡಿಸುತ್ತದೆ. ಮಳೆ ಹಿಡಿದ ಮೇಲೆ ಚಾರ್ಮಾಡಿ ಘಾಟಿಯನ್ನು ನಂಬುವ ಹಾಗಿಲ್ಲ. ಹಾಗಾಗಿ ಮೇ ತಿಂಗಳಲ್ಲೇ ಚೀಲಗಳನ್ನು ಕೆಳಗಿಳಿಸಿದೆ. ಆಗ ಬೀಜದ ತೇವ 11 ಶೇಕಡಾ.

ಮಳೆಗಾಳಿ ಹಿಡಿದ ಮೇಲೆ ಬೀಜವನ್ನು ನೆಲಕ್ಕೆ ಸುರಿದೆವು. ಐದು ಇಂಚಿನಷ್ಟು ದಪ್ಪಕ್ಕೆ ಹರಡಿದರೆ ಮುನ್ನೂರು ಕೆಜಿ ಹಿಡಿದದ್ದು ಎರಡು ದೊಡ್ಡ ಚಾಪೆಯಷ್ಟು ಜಾಗ ಮಾತ್ರ. ಕಿಟಕಿಗೆ ಬಲೆ ಹಾಕಿ, ಎರಚಲು ಒಳಗೆ ಬಾರದ ಹಾಗೆ ಹೊರಗೆ ತಗಡಿನ ಇಳಿಜಾರು ಕಟ್ಟಿಸಿದ್ದೆ. ಕಣದಲ್ಲಿ ಕಾಫಿ ಎಳೆಯುವ ಮರದ ಹಲಗೆಯಲ್ಲೇ ದಿನಕ್ಕೆ ಮೂರ್ನಾಲ್ಕು ಸಲ ಮಗುಚುತ್ತಿದ್ದೆವು. ಎಲ್ಲ ಬೀಜವೂ ಒಂದೇ ವೇಗದಲ್ಲಿ ತೇವ ಎಳೆದುಕೊಳ್ಳಬೇಕು ಅನ್ನುವುದಷ್ಟೇ ಇದರ ಉದ್ದೇಶ. ನಾಲ್ಕೈದು ದಿನದಲ್ಲಿ ತೇವ ಅಳೆಯುವ ಮೀಟರ್ 15ರಿಂದ 16 ಶೇಕಡಾ ತೋರಿಸುತ್ತದೆ. ನೆಲದ ಕೆಲಸ ಅಲ್ಲಿಗೆ ಮುಗಿಯಿತು.

ಮುಂದಿನದು ಚೀಲದ ಕೆಲಸ. ಅದೇ ನಿಜವಾದದ್ದು.

ಒಣ ಗೋಣಿಚೀಲಕ್ಕೆ ಬೀಜವನ್ನು ಸಡಿಲವಾಗಿ, ಅರ್ಧಕ್ಕಿಂತ ಸ್ವಲ್ಪ ಮೇಲೆ ತುಂಬಬೇಕು. ಬೀಜ ಉಬ್ಬುತ್ತದೆ, ಅದಕ್ಕೆ ಜಾಗ ಬೇಕು. ಗಾಳಿಯೂ ಒಳಗೆ ಹೋಗಬೇಕು. ಚೀಲಗಳನ್ನು ಮರದ ಹಲಗೆಗಳ ಮೇಲೆ ಸಾಲಾಗಿ ನಿಲ್ಲಿಸಿ, ಒಂದಕ್ಕೊಂದು ಗೇಣು ಅಂತರ ಬಿಟ್ಟೆವು. ಗೋಡೆಯಿಂದ ಇನ್ನೂ ಜಾಸ್ತಿ. ಸಾಲುಗಳು ಗಾಳಿ ಬರುವ ದಿಕ್ಕಿಗೆ ಉದ್ದಕ್ಕೆ ಇರಬೇಕು. ಅಡ್ಡ ಇಟ್ಟರೆ ಮೊದಲ ಸಾಲು ಗಾಳಿಯನ್ನೆಲ್ಲ ತಿಂದು ಹಿಂದಿನವು ಉಪವಾಸ.

ವಾರಕ್ಕೊಮ್ಮೆ ಎಲ್ಲ ಚೀಲಗಳನ್ನೂ ಒಟ್ಟಿಗೆ ಸುರಿದು, ಕಲಸಿ, ಮತ್ತೆ ತುಂಬಿ, ಸಾಲಿನ ಜಾಗ ಬದಲಿಸಬೇಕು. ಕಿಟಕಿ ಬಳಿಯದ್ದು ಒಳಗೆ, ಒಳಗಿನದ್ದು ಕಿಟಕಿಗೆ. ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಬಹಳ ವರ್ಷ ದುಡಿದ ಮೇಸ್ತ್ರಿಯೊಬ್ಬರು ನನಗೆ ಜೊತೆಗಿದ್ದರು. ಅವರು ಮೀಟರ್ ಮುಟ್ಟಿದವರಲ್ಲ. ಒಂದು ಬೀಜ ತಗೊಂಡು ಚಾಕುವಿನಲ್ಲಿ ಅಡ್ಡಕ್ಕೆ ಕತ್ತರಿಸಿ ನನ್ನ ಅಂಗೈ ಮೇಲಿಡುತ್ತಿದ್ದರು. ಆರಂಭದ ವಾರಗಳಲ್ಲಿ ಅಂಚು ಬೆಳ್ಳಗೆ, ನಡುವೆ ಬೂದು ಹಸಿರು ತಿರುಳು ಕಾಣುತ್ತದೆ. ವಾರ ಕಳೆದಂತೆ ಆ ತಿರುಳು ಕಿರಿದಾಗುತ್ತದೆ. ಅಂಚಿನಿಂದ ನಡುವಿನವರೆಗೆ ಒಂದೇ ಒಣಹುಲ್ಲಿನ ಬಣ್ಣ ಬಂದಾಗ ಬೀಜ ತಯಾರು. ಹೊರಗಿಂದ ನೋಡಿದರೆ ಮೋಸ ಹೋಗುತ್ತೀರಿ. ಮೈ ಬಿಳುಚಿಕೊಂಡು ಹೊಟ್ಟೆಯೊಳಗೆ ಹಸಿರಾಗಿ ಉಳಿದ ಬೀಜ ಬೇಕಾದಷ್ಟಿರುತ್ತದೆ. ಅಂಥವು ಹುರಿದಾಗ ಎರಡು ಬಣ್ಣವಾಗಿ, ಕಪ್‌ನಲ್ಲಿ ಹಸಿ ಹುಳಿ ಉಳಿಸುತ್ತವೆ.

ಜುಲೈ ನಡುವಲ್ಲಿ ಗಾಳಿ ನಿಂತಿತು. ಮಳೆ ಮಾತ್ರ ನೆಟ್ಟಗೆ ಸುರಿಯುತ್ತಲೇ ಇತ್ತು. ಅಂಥ ದಿನಗಳೇ ಅಪಾಯದವು. ತೇವ ಇದೆ, ಅದನ್ನು ಆಡಿಸುವ ಗಾಳಿ ಇಲ್ಲ. ಬೀಜ ಇನ್ನೂ ಉಸಿರಾಡುತ್ತಿರುತ್ತದೆ. ಆ ಬಿಸಿ ಚೀಲದ ನಡುವೆಯೇ ಕೂರುತ್ತದೆ. "ಕೈ ಹಾಕಿ ನೋಡಿ ಮಾರಾಯ್ರೆ" ಅಂದರು ಮೇಸ್ತ್ರಿ. ಮೊಣಕೈವರೆಗೆ ಇಳಿಸಿದೆ. ಮೇಲೆ ತಂಪು, ನಡುವೆ ಉಗುರು ಬೆಚ್ಚಗೆ. ಹಿಂದಿನ ಸಾಲಿನ ಒಂದು ಚೀಲದಲ್ಲಿ ಹುಳಿ ಹಿಟ್ಟಿನ ವಾಸನೆ. ಬೀಜ ತೆಗೆದು ಬೆಳಕಿಗೆ ಹಿಡಿದರೆ ನಡುಗೆರೆಯೊಳಗೆ ನೀಲಿ ಬೆರೆತ ಬಿಳಿ ಪುಡಿ. ಬೂಷ್ಟು ಮೊದಲು ಕೂರುವುದು ಆ ಗೆರೆಯಲ್ಲೇ. ಬೀಜದ ಮೈ ಸ್ವಚ್ಛವಾಗಿಯೇ ಕಾಣುತ್ತಿರುತ್ತದೆ.

ಆ ಚೀಲವನ್ನು ಪೂರ್ತಿ ಹೊರಗೆ ಹಾಕಿದೆವು. ಆರಿಸಿ ಉಳಿಸಿಕೊಳ್ಳಬಹುದಲ್ಲ ಅನಿಸುವುದು ಸಹಜ. ಆದರೆ ಕೆಲವು ಬೂಷ್ಟುಗಳು ಓಕ್ರಟಾಕ್ಸಿನ್ ಅನ್ನುವ ವಿಷ ಬಿಡುತ್ತವೆ. ಅದು ಕಣ್ಣಿಗೆ ಕಾಣುವುದಿಲ್ಲ, ಹುರಿದರೂ ಪೂರ್ತಿ ಹೋಗುವುದಿಲ್ಲ. ಉಳಿದ ಚೀಲಗಳನ್ನೆಲ್ಲ ಬಿಚ್ಚಿ ನೆಲದ ಮೇಲೆ ಎರಡೇ ಇಂಚು ದಪ್ಪಕ್ಕೆ ಹರಡಿ, ಎರಡು ಫ್ಯಾನ್ ಇಟ್ಟು, ಗಂಟೆಗೊಮ್ಮೆ ಮಗುಚಿದೆವು. ಒದ್ದೆ ಗೋಣಿಗಳನ್ನು ಬದಿಗಿಟ್ಟು ಒಣ ಚೀಲ ತಂದೆವು. ನಡುವೆ ಒಂದು ಮಧ್ಯಾಹ್ನ ಬಿಸಿಲು ಬಂತು. ಅಂಗಳಕ್ಕೆ ಹಾಕೋಣ ಅಂದೆ, ಮೇಸ್ತ್ರಿ ಬಿಡಲಿಲ್ಲ. ಉಬ್ಬಿದ ಬೀಜವನ್ನು ಬಿಸಿಲಿಗೆ ಹಾಕಿದರೆ ಹೊರಮೈ ಬೇಗ ಒಣಗಿ ಬಿರುಕು ಬಿಡುತ್ತದೆ, ಆಮೇಲೆ ತೇವ ಸಮನಾಗಿ ಏರುವುದೇ ಇಲ್ಲ. ಪಡುವಣ ಗಾಳಿ ಮತ್ತೆ ಎದ್ದ ಮೇಲಷ್ಟೇ ಚೀಲಕ್ಕೆ ತುಂಬಿದೆವು. ಆ ವರ್ಷ ನನ್ನ ಕಾಫಿ ಉಳಿದದ್ದು ಮೀಟರ್‌ನಿಂದಲ್ಲ, ಚೀಲದೊಳಗೆ ಕೈ ಹಾಕುವ ಅಭ್ಯಾಸದಿಂದ. ಮೀಟರ್ ಸರಾಸರಿ ಹೇಳುತ್ತದೆ, ಚೀಲದ ಹೊಟ್ಟೆಯ ಬಿಸಿಯನ್ನು ಹೇಳುವುದಿಲ್ಲ.

ಹಾಯಿಹಡಗಿನ ಕಾಲದಲ್ಲಿ ಇದು ತಾನಾಗಿಯೇ ಆಗುತ್ತಿತ್ತು. ನಮ್ಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ತುದಿ ಸುತ್ತಿ ಯುರೋಪ್ ಮುಟ್ಟಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮರದ ಹಡಗಿನ ಒಳಗೆ ಸಮುದ್ರದ ತೇವ ಕುಡಿದು ಬೀಜ ಹಳದಿಯಾಗಿ ಇಳಿಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು, ಪ್ರಯಾಣ ಚಿಕ್ಕದಾಯಿತು. ಹಸಿರಾಗಿಯೇ ಬಂದ ಕಾಫಿ ಹಳೇ ಗಿರಾಕಿಗಳಿಗೆ ಹಿಡಿಸಲಿಲ್ಲ. ಹಡಗಿನಲ್ಲಿ ಆಗುತ್ತಿದ್ದದ್ದನ್ನೇ ಆಮೇಲೆ ದಡದ ಗೋದಾಮಿನಲ್ಲಿ ಮಾಡತೊಡಗಿದರು.

ಸೆಪ್ಟೆಂಬರ್ ಕೊನೆಗೆ ಬೀಜ ಎರಡರಷ್ಟು ದಪ್ಪ ಅನಿಸುವಷ್ಟು ಉಬ್ಬಿ, ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಪಾಲಿಶ್ ಮಾಡಿಸಿ, ಬಣ್ಣ ತಿರುಗದ ಬೀಜ ಆರಿಸಿ, ತೇವವನ್ನು 14ರ ಹತ್ತಿರ ನಿಲ್ಲಿಸಿದೆವು. ತೇವ ಜಾಸ್ತಿ ಇರುವುದರಿಂದ ಇದಕ್ಕೆ ಹುಳದ ಕಾಟ ಬೇಗ. ಹುಳಕ್ಕೆ ಹೊಗೆ ಕೊಡುವುದು ವಿಷದ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ. ಅದನ್ನು ಪರಿಚಯದ ಕ್ಯೂರಿಂಗ್ ವರ್ಕ್ಸ್‌ಗೆ ಬಿಟ್ಟೆ.

ತೂಕದ ಲೆಕ್ಕ ಹೇಳುತ್ತೇನೆ. 300 ಕೆಜಿಯಲ್ಲಿ 11 ಶೇಕಡಾ ನೀರು ಅಂದರೆ ಒಣ ಅಂಶ 267 ಕೆಜಿ. 14 ಶೇಕಡಾ ತೇವದಲ್ಲಿ ಅದು 310 ಕೆಜಿ ಆಗಬೇಕು. ನೀರಿನ ತೂಕಕ್ಕೂ ದುಡ್ಡು ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನನ್ನ ಕೈಗೆ ಬಂದದ್ದು 250 ಕೆಜಿಗೆ ಸ್ವಲ್ಪ ಕಡಿಮೆ. ಎಸೆದ ಚೀಲ, ಆರಿಸಿ ತೆಗೆದದ್ದು, ಒಡಕು, ಪಾಲಿಶ್‌ನಲ್ಲಿ ಹಾರಿದ ಹೊಟ್ಟು, ಬೀಜ ಉಸಿರಾಡಿ ಕಳಕೊಂಡದ್ದು, ಎಲ್ಲ ಸೇರಿ ಅಷ್ಟು ಹೋಯಿತು. ಕೂಲಿ ಬೇರೆ. ಸಣ್ಣ ಬೆಳೆಗಾರನಿಗೆ ಇದರಲ್ಲಿ ಲಾಭ ಇದೆ ಅಂತ ನಾನು ಹೇಳಲಾರೆ. ಮಾನ್ಸೂನ್ಡ್ ಮಲಬಾರ್ ಅನ್ನುವ ಹೆಸರಿಗೆ ಭೌಗೋಳಿಕ ಸೂಚಿಕೆ ಇದೆ. ನೋಂದಾಯಿಸಿಕೊಳ್ಳದೆ ಆ ಹೆಸರು ಹಾಕಿ ಮಾರುವ ಹಾಗೂ ಇಲ್ಲ. ನಾನು ಮನೆಗೆ, ನೆಂಟರಿಗೆ ಹಂಚಿದೆ.

ಹುರಿಯುವಾಗ ಜಾಗ್ರತೆ. ಬೀಜ ಹಗುರ, ಸಡಿಲ. ಮಾಮೂಲಿ ಉರಿಯಲ್ಲಿ ಹಾಕಿದರೆ ಮೈ ಸುಟ್ಟು ಒಳಗೆ ಹಸಿ ಉಳಿಯುತ್ತದೆ. ಸಣ್ಣ ಉರಿಯಲ್ಲಿ ಶುರು ಮಾಡಿ. ಮೊದಲ ಸಿಡಿತದ ಸದ್ದು ಎಷ್ಟು ಮೆತ್ತಗೆ ಅಂದರೆ ಮಾತಾಡುತ್ತಿದ್ದರೆ ಕೇಳಿಸುವುದೇ ಇಲ್ಲ. ಬಣ್ಣವನ್ನೂ ನಂಬಬೇಡಿ, ಒಳಗೆ ಆದಷ್ಟು ಮೇಲೆ ಕಾಣುವುದಿಲ್ಲ. ನಾನು ವಾಸನೆ ಹಿಡಿದು, ಎರಡನೇ ಸಿಡಿತ ಶುರುವಾಗುವ ಹೊತ್ತಿಗೆ ಇಳಿಸುತ್ತೇನೆ. ಇನ್ನೂ ಮುಂದೆ ಹೋದರೆ ಬರೀ ಇದ್ದಿಲು.

ಕುಡಿದರೆ ಏನನಿಸುತ್ತದೆ? ನಾಲಗೆಯ ಅಂಚಿಗೆ ಚುರ್ರೆನ್ನುವ ಹುಳಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಡಿಕಾಕ್ಷನ್ ದಪ್ಪ, ಬಾಯಿ ತುಂಬುತ್ತದೆ. ಹುರಿದ ಕಡಲೆಬೀಜ, ಹಳೇ ಮರದ ಪೆಟ್ಟಿಗೆ, ಎಲ್ಲೋ ಸ್ವಲ್ಪ ಮಸಾಲೆ. ಕೆಲವರಿಗೆ ಗೋಣಿಯ ವಾಸನೆ ಬರುತ್ತದೆ, ಅವರು ಹೇಳುವುದು ಸುಳ್ಳಲ್ಲ. ಅದು ಹಿನ್ನೆಲೆಯಲ್ಲಿದ್ದರೆ ಸರಿ, ಮುಂದೆ ಬಂದರೆ ಗೋದಾಮಿನಲ್ಲಿ ಗಾಳಿ ಸಾಲದೆ ಹೋಗಿದೆ ಅಂತ ಅರ್ಥ. ಖಾಲಿ ಹೊಟ್ಟೆಗೆ ಕಾಫಿ ಕುಡಿದರೆ ಎದೆ ಉರಿ ಅನ್ನುವ ನನ್ನ ಭಾವ ಇದನ್ನು ಎರಡು ಲೋಟ ಕುಡಿಯುತ್ತಾರೆ. ಔಷಧಿ ಅಂತ ಅಲ್ಲ, ಅವರಿಗೆ ಒಗ್ಗಿದೆ ಅಷ್ಟೇ. ಹಣ್ಣಿನ ಪರಿಮಳ, ಚುರುಕು ಬೇಕು ಅನ್ನುವವರಿಗೆ ಇದು ಸಪ್ಪೆ ಅನಿಸುತ್ತದೆ.

ಮನೆಯಲ್ಲಿ ಫಿಲ್ಟರ್‌ಗೆ ಹಾಕುವಾಗ ಚಮಚದ ಅಳತೆ ಬಿಟ್ಟುಬಿಡಿ. ಬೀಜ ಹಗುರವಾದ್ದರಿಂದ ಅದೇ ಮೂರು ಚಮಚಕ್ಕೆ ಪುಡಿಯ ತೂಕ ಕಡಿಮೆ ಬಂದು ಡಿಕಾಕ್ಷನ್ ನೀರಾಗುತ್ತದೆ. ತೂಕ ಹಾಕಿಯೇ ತಗೊಳ್ಳಿ. ಬೀಜ ಬೇಗ ಪುಡಿಯಾಗುವ ಜಾತಿ, ಮಿಕ್ಸಿಯಲ್ಲಿ ಸ್ವಲ್ಪ ಹೆಚ್ಚು ತಿರುಗಿಸಿದರೂ ತೀರಾ ನುಣ್ಣಗಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ತರಿಯಾಗಿ ನಿಲ್ಲಿಸಿ. ಚಿಕೋರಿ ಹಾಕಬೇಕಾಗಿಲ್ಲ, ದಪ್ಪ ಇದರಲ್ಲೇ ಇದೆ.