ನೈಟ್ ಆಡಿಟ್‌ನಲ್ಲಿ ಯುಪಿಐ ಲೆಕ್ಕ ತಾಳೆ ಆಗದಿದ್ರೆ ಮೊದಲು ಟೈಮ್ ನೋಡಿ

ಸಾಗರ, ಶಿವಮೊಗ್ಗ ಕಡೆ ಲಾಡ್ಜ್‌ಗಳಲ್ಲಿ ನೈಟ್ ಡ್ಯೂಟಿ ಮಾಡುವವರಿಗೆ ಒಂದು ಸಲಹೆ. ಜೋಗದ ಸೀಸನ್ನಿನಲ್ಲಿ ಜನ ನಡುರಾತ್ರಿಯೂ ಬರ್ತಾರೆ, ಗೊಂದಲ ಶುರುವಾಗೋದೇ ಅಲ್ಲಿ.

ನಾವು ಡೇ ಕ್ಲೋಸ್ ಮಾಡೋದು ರಾತ್ರಿ 2 ಗಂಟೆಗೆ ಅಂತಿಟ್ಟುಕೊಳ್ಳಿ. ಅಲ್ಲಿಯವರೆಗೆ ಸಾಫ್ಟ್‌ವೇರ್‌ನಲ್ಲಿ ಶನಿವಾರವೇ ಇರುತ್ತದೆ. ಆದರೆ ಕ್ಯೂಆರ್ ಆ್ಯಪ್‌ನಲ್ಲಿ 12ಕ್ಕೇ ಭಾನುವಾರ. ಶನಿವಾರದ ಯುಪಿಐ ನಮ್ಮ ರಿಪೋರ್ಟ್‌ನಲ್ಲಿ 18,400, ಆ್ಯಪ್‌ನಲ್ಲಿ 15,775. ವ್ಯತ್ಯಾಸ 2,625. ಈ ಮೊತ್ತ ನೋಡಿದರೇ ಸುಳಿವು ಸಿಗುತ್ತದೆ: 2,500ರ ರೂಮಿಗೆ 5% ಜಿಎಸ್‌ಟಿ ಸೇರಿದರೆ ಇಷ್ಟೇ ಅಲ್ವಾ? ಆ್ಯಪ್‌ನಲ್ಲಿ ಭಾನುವಾರದ ಪಟ್ಟಿ ತೆಗೆದರೆ 12:20ಕ್ಕೆ ಬಂದ ಹಣ ಕಾಣುತ್ತದೆ. ಯುಟಿಆರ್ ನಂಬರನ್ನು ಆ ರೂಮಿನ ರಸೀದಿ ಜೊತೆ ಹೋಲಿಸಿ.

ಇಲ್ಲಿ ತಿದ್ದುವಂಥದ್ದು ಏನೂ ಇಲ್ಲ. ಲೆಕ್ಕ ಸರಿ ಮಾಡೋಕೆ ಅಂತ ಸುಮ್ನೆ ಅದನ್ನು ಕ್ಯಾಶ್‌ಗೆ ಬದಲಾಯಿಸಿದರೆ ಡ್ರಾಯರ್‌ನಲ್ಲಿ 2,625 ಕಮ್ಮಿ ಬರುತ್ತದೆ. ಹ್ಯಾಂಡ್‌ಓವರ್ ಪುಸ್ತಕದಲ್ಲಿ ರೂಮ್ ನಂಬರ್, ಮೊತ್ತ, ಸಮಯ ಬರೆದಿಡಿ. ಮಾರನೇ ರಾತ್ರಿ ಆ್ಯಪ್‌ನ ಮೊತ್ತದಿಂದ ಅದನ್ನು ಕಳೆದು ನೋಡಬೇಕು.

ಇನ್ನೊಂದು ಬೇರೆ ಥರ: ಕ್ಯಾಶ್ ಎಷ್ಟು ಕಮ್ಮಿಯೋ ಯುಪಿಐ ಅಷ್ಟೇ ಜಾಸ್ತಿ ಇದ್ದರೆ, ಯಾರೋ ಪೇಮೆಂಟ್ ಮೋಡ್ ತಪ್ಪಾಗಿ ಒತ್ತಿದ್ದಾರೆ. ಇದನ್ನು ಮಾತ್ರ ಡೇ ಕ್ಲೋಸ್‌ಗೆ ಮುಂಚೆಯೇ ಸರಿ ಮಾಡಿ. ತಾರೀಖು ಮುಂದೆ ಹೋದ ಮೇಲೆ ಸಾಮಾನ್ಯವಾಗಿ ಮ್ಯಾನೇಜರ್ ಲಾಗಿನ್‌ನಿಂದಲೇ ಅಡ್ಜಸ್ಟ್‌ಮೆಂಟ್ ಹಾಕಿಸಬೇಕಾಗುತ್ತದೆ.